‘ಟಾರ್ಚ್’ ಅಂದರೆ ಬೇಜಾರಿಲ್ಲ, ‘ಕುಂಟ ಟಾರ್ಚ್’ ಅಂದರೆ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಮೆಟ್ರಿಕ್ ನಂತರದ ಬಾಲಕರ ಹಾಸ್ಟೆಲಿನಲ್ಲಿ ವಾರ್ಡನ್. ರಾತ್ರಿ ಟಾರ್ಚ್ ಹಿಡಿದು ರೌಂಡ್ಸ್ ಹೋಗುತ್ತೇನೆ ಅಂತ ಹುಡುಗರು ನನಗೆ ‘ಟಾರ್ಚ್’ ಅಂತ ಹೆಸರಿಟ್ಟಿದ್ದಾರೆ. ಅದು ಹಳೇ ಹೆಸರು, ನನಗೂ ಗೊತ್ತು, ಬೇಜಾರಿಲ್ಲ. ಒಂದು ಬ್ಯಾಚಿನವರು ಬೀಳ್ಕೊಡುಗೆ ದಿನ ಟಾರ್ಚನ್ನೇ ಉಡುಗೊರೆ ಕೊಟ್ಟಿದ್ದರು. ಹೋದ ವರ್ಷ ಬೈಕಿನಿಂದ ಬಿದ್ದು ಕಾಲು ಮುರಿಯಿತು. ರಾಡ್ ಹಾಕಿದ್ದಾರೆ, ಈಗಲೂ ಸ್ವಲ್ಪ ಎಳೆದು ನಡೆಯುತ್ತೇನೆ. ಈ ವರ್ಷ ‘ಕುಂಟ ಟಾರ್ಚ್’ ಶುರುವಾಗಿದೆ. ಕರೆಂಟು ಹೋದರೆ ಸಾಕು, ಮೇಲಿನ ಮಹಡಿಯಿಂದ ಕೂಗುತ್ತಾರೆ. ಧ್ವನಿ ಕೇಳಿದರೆ ಫಸ್ಟ್ ಇಯರ್ ಹುಡುಗರೇ. ನಾನು ನಡೆಯುವುದನ್ನು ವಾಟ್ಸ್ಆ್ಯಪ್ ಸ್ಟಿಕ್ಕರ್ ಬೇರೆ ಮಾಡಿದ್ದಾರಂತೆ. ಮೊನ್ನೆ ಪಿಯುಸಿ ಓದುವ ನನ್ನ ಮಗಳಿಗೆ ಬಸ್ ಸ್ಟಾಪಿನಲ್ಲಿ ಯಾರೋ ‘ಟಾರ್ಚ್ ಮಗಳು’ ಅಂತ ಕೂಗಿದರಂತೆ, ಮನೆಗೆ ಬಂದು ಅತ್ತಳು. ಒಬ್ಬ ಸಹೋದ್ಯೋಗಿ ‘ಮೊದಲ ದಿನವೇ ನಾಲ್ಕು ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಅಡ್ಡಹೆಸರು ಇಲ್ಲದ ವಾರ್ಡನ್ ಎಲ್ಲಿದ್ದಾನೆ, ಸುಮ್ನೆ ಬಿಡಿ’ ಅನ್ನುತ್ತಾರೆ. ಪ್ರಾರ್ಥನೆ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ಕೇಳಿಬಿಡೋಣ ಅಂತಿದ್ದೇನೆ. ಏನು ಮಾಡಲಿ?

ಉತ್ತರ: ಸರ್, ಮೊದಲು ಆ ಪ್ರಾರ್ಥನೆ ಹೊತ್ತಿನ ಯೋಚನೆ ಬಿಟ್ಟುಬಿಡಿ. ನಾನು ಹಾಸ್ಟೆಲು, ಕಾಲೇಜುಗಳಲ್ಲಿ ಆಪ್ತ ಸಮಾಲೋಚನೆ ಮಾಡಿಕೊಂಡು ಬಂದವನು. ಅಡ್ಡಹೆಸರಿನ ವಿಷಯದಲ್ಲಿ ಕೈಸುಟ್ಟುಕೊಂಡ ವಾರ್ಡನ್‌ಗಳಲ್ಲಿ ಹೆಚ್ಚಿನವರು ಸುಟ್ಟುಕೊಂಡಿದ್ದು ಇಲ್ಲೇ. ಹಾಸ್ಟೆಲಿನಲ್ಲಿ ಆ ಹೊಸ ಹೆಸರನ್ನು ಕೇಳಿರದ ಹುಡುಗರೂ ಇರುತ್ತಾರೆ. ಊರಿಂದ ಈಚೆಗೆ ಬಂದವರು, ಬೇಗ ಮಲಗುವವರು, ತಮ್ಮ ಪಾಡಿಗೆ ತಾವು ಓದಿಕೊಂಡು ಇರುವವರು. ‘ನನ್ನನ್ನು ಹಾಗೆ ಕರೆದದ್ದು ಯಾರು?’ ಅಂತ ನೀವು ಕೇಳಿದ ಅರ್ಧ ಗಂಟೆಯಲ್ಲಿ ಅವರೂ ‘ಹೆಂಗಂತ ಕರೆದ್ರಂತೆ?’ ಅಂತ ರೂಮಿನಲ್ಲಿ ವಿಚಾರಿಸುತ್ತಾರೆ. ಕೂಗಿದವನಂತೂ ಎದ್ದು ನಿಲ್ಲುವುದಿಲ್ಲ. ಅವನ ಪಕ್ಕದವನು ನಗು ತಡೆಯೋಕಾಗದೆ ನೆಲ ನೋಡುತ್ತಾನೆ, ಆ ನಗು ಸಾಲಿನ ಕೊನೆವರೆಗೂ ಹೋಗುತ್ತದೆ. ಅಲ್ಲಿ ನೀವು ಸಿಟ್ಟಾಗಬೇಕು, ಇಲ್ಲವೇ ಸುಮ್ಮನೆ ವಾಪಸ್ ಬರಬೇಕು. ಎರಡೂ ಅವರಿಗೆ ಒಳ್ಳೆಯ ಕತೆ.

ಇನ್ನು ನಿಮ್ಮ ಇಬ್ಬರು ಸಹೋದ್ಯೋಗಿಗಳ ಮಾತು. ಇಬ್ಬರೂ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿ ನೋಡುತ್ತಿದ್ದಾರೆ. ‘ಟಾರ್ಚ್’ ಒಂದು. ‘ಕುಂಟ ಟಾರ್ಚ್’ ಇನ್ನೊಂದು. ಬಸ್ ಸ್ಟಾಪಿನಲ್ಲಿ ನಿಮ್ಮ ಮಗಳಿಗೆ ಆದದ್ದು ಮತ್ತೊಂದು. ಮೊದಲನೆಯದಕ್ಕೆ ಏನೂ ಮಾಡಬೇಕಿಲ್ಲ. ಎರಡನೆಯದನ್ನು ನಿಲ್ಲಿಸಬೇಕು, ಆದರೆ ಗದ್ದಲ ಮಾಡದೆ. ಮೂರನೆಯದಕ್ಕೆ ಕಾಯುವ ಹಾಗಿಲ್ಲ.

ಹಾಸ್ಟೆಲಿನಲ್ಲಿ ವಾರ್ಡನ್‌ಗೆ ಹೆಸರು ಯಾಕೆ ಹುಟ್ಟುತ್ತದೆ ಅನ್ನುವುದು ಗೊತ್ತಾದರೆ ಮುಂದಿನದು ಸಲೀಸು. ಪ್ರೀತಿಗೆ ಇಡುತ್ತಾರೆ ಅಂತ ಕೆಲವರು, ದ್ವೇಷಕ್ಕೆ ಇಡುತ್ತಾರೆ ಅಂತ ಕೆಲವರು ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಬಹಳ ಸಲ ಎರಡೂ ಅಲ್ಲ. ಅದು ಎಚ್ಚರಿಕೆಯ ಕೂಗು. ರಾತ್ರಿ ಕಾರಿಡಾರಿನ ಆ ತುದಿಯಲ್ಲಿ ನೀವು ಕಾಣಿಸಿಕೊಂಡಾಗ ಈ ತುದಿಯ ರೂಮಿನಲ್ಲಿ ಇಸ್ಪೀಟು ಆಡುತ್ತಿರುವವರಿಗೆ ಸುದ್ದಿ ಮುಟ್ಟಬೇಕು. ಹೆಸರು ಚಿಕ್ಕದಿರಬೇಕು, ಒಂದೇ ಉಸಿರಿಗೆ ಬರಬೇಕು, ಹೊರಗಿನವರಿಗೆ ಅರ್ಥ ಆಗಬಾರದು. ‘ಟಾರ್ಚ್’ ಇದಕ್ಕೆ ಹೇಳಿ ಮಾಡಿಸಿದಂಥ ಹೆಸರು. ನೀವು ಎಷ್ಟೇ ಒಳ್ಳೆಯವರಾಗಿದ್ದರೂ ರೌಂಡ್ಸ್ ಹೋಗುವವರೆಗೆ ನಿಮಗೊಂದು ಹೆಸರು ಇದ್ದೇ ಇರುತ್ತದೆ.

ಮೇಷ್ಟ್ರುಗಳಿಗೆ ಹೆಸರು ಬೀಳಲು ಇನ್ನೊಂದು ಕಾರಣವೂ ಇದೆ. ನಮ್ಮ ದಾವಣಗೆರೆ–ಚಿತ್ರದುರ್ಗದ ಕಡೆ ಒಂದು ಕಾಲೇಜಿಗೆ ಇಬ್ಬರಾದರೂ ತಿಪ್ಪೇಸ್ವಾಮಿ ಇರುತ್ತಾರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತ ಮನೆಗಳು ಅಷ್ಟಿವೆ. ಜೊತೆಗೆ ಬಸವರಾಜ, ಮಂಜುನಾಥ. ‘ತಿಪ್ಪೇಸ್ವಾಮಿ ಸರ್ ಕರೀತಿದ್ದಾರೆ’ ಅಂದರೆ ಯಾವ ತಿಪ್ಪೇಸ್ವಾಮಿ ಅಂತ ಕೇಳಲೇಬೇಕು. ಹಾಗಾಗಿ ಒಬ್ಬರು ‘ಪಾಯಿಂಟ್ ನಂಬರ್ ಒನ್’ ಆಗುತ್ತಾರೆ, ಇನ್ನೊಬ್ಬರು ‘ಸ್ಕೂಟರ್’ ಆಗುತ್ತಾರೆ. ಇದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ಒಂದು ಹೆಸರು ಕಿವಿಗೆ ಬಿದ್ದಾಗ ನಾನು ಮೊದಲು ನೋಡುವುದು ಅದು ಏನನ್ನು ಹಿಡಿದುಕೊಂಡಿದೆ ಅಂತ. ಮೇಷ್ಟ್ರು ಬಿಡಬೇಕೆಂದರೆ ಬಿಡಬಹುದಾದ್ದನ್ನು ಹಿಡಿದಿದೆಯಾ, ಅಥವಾ ಬಿಡಲಾಗದ್ದನ್ನಾ? ಟಾರ್ಚನ್ನು ನೀವು ನಾಳೆಯೇ ಕೆಳಗಿಡಬಹುದು. ಪಾಯಿಂಟ್ ನಂಬರ್ ಒನ್ ಅನ್ನುವುದನ್ನು ಆ ತಿಪ್ಪೇಸ್ವಾಮಿ ಸರ್ ನಿಲ್ಲಿಸಬಹುದು. ಕಾಲನ್ನು ನೀವು ಎಲ್ಲಿಡುತ್ತೀರಿ? ಬಣ್ಣ, ಕುಳ್ಳತನ, ತೊದಲು, ಜಾತಿ, ಮಕ್ಕಳಿಲ್ಲ ಅನ್ನುವುದು, ಗಂಡ ಇಲ್ಲ ಅನ್ನುವುದು, ಇವನ್ನು ಹಿಡಿದುಕೊಂಡ ಹೆಸರನ್ನು ಯಾರೇ ಎಷ್ಟೇ ನಗುತ್ತಾ ಹೇಳಲಿ, ಅದನ್ನು ಪ್ರೀತಿಯ ಹೆಸರು ಅಂತ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಡುವೆ ಇನ್ನೊಂದು ಬಗೆಯ ಹೆಸರುಗಳಿವೆ, ಅವು ನಿಜಕ್ಕೂ ದೂರು. ‘ನೀರ್ ಸಾರು’ ಅಂತ ವಾರ್ಡನ್‌ಗೆ ಹೆಸರು ಬಿದ್ದಿದ್ದರೆ ವಾರ್ಡನ್ ನೋಡಬೇಕಾದ್ದು ಹುಡುಗರನ್ನಲ್ಲ, ಅಡುಗೆಮನೆಯ ಬೇಳೆ ಡಬ್ಬಿಯನ್ನು. ‘ಹಿಟ್ಲರ್’ ಅಂತ ಬಿದ್ದಿದ್ದರೆ ಊರಿಗೆ ಹೋಗುವ ಪರ್ಮಿಶನ್ ಕೊಡುವ ರೀತಿ ಸರಿಯಿದೆಯಾ ಅಂತ ಒಮ್ಮೆ ಯೋಚಿಸಬೇಕು. ನಿಮ್ಮದು ಆ ಗುಂಪಿನದಲ್ಲ, ಬಿಡಿ.

ಎರಡನೆಯದಾಗಿ ನಾನು ಕ್ರಿಯಾಪದದ ಬಾಲ ಕೇಳಿಸಿಕೊಳ್ಳುತ್ತೇನೆ. ಕನ್ನಡದಲ್ಲಿ ಇದೊಂದು ಅನುಕೂಲ. ಹೆಸರು ಏನೇ ಇರಲಿ, ಅದರ ಹಿಂದೆ ಬರುವ ಮಾತು ಗುಟ್ಟು ಬಿಟ್ಟುಕೊಡುತ್ತದೆ. ‘ಟಾರ್ಚ್ ಬಂದ್ರು ನೋಡ್ರಲೇ’ ಅಂದರೆ ಹೆಸರು ಬದಲಾಗಿದೆ, ಗೌರವ ಜಾಗದಲ್ಲೇ ಇದೆ. ‘ಟಾರ್ಚ್ ಬಂದ’ ಅಂದರೆ ಸಲುಗೆ ಇರಬಹುದು, ಸಿಟ್ಟೂ ಇರಬಹುದು, ಇಷ್ಟಕ್ಕೇ ಹೇಳಲಾಗದು. ‘ಬಂತು ನೋಡ್ರಲೇ’ ಅಂತ ಶುರುವಾದರೆ ಒಬ್ಬ ಮನುಷ್ಯನನ್ನು ವಸ್ತು ಮಾಡಿ ಆಗಿದೆ. ಆದರೆ ಒಂದು ಸಲ ಕೇಳಿ ತೀರ್ಮಾನ ಮಾಡಬೇಡಿ. ನಮ್ಮ ಹುಡುಗರು ಅವ್ವನನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ, ಮನೆದೇವರನ್ನೂ ಏಕವಚನದಲ್ಲೇ. ಜೊತೆಗೆ ಟಾರ್ಚ್ ಅನ್ನುವುದೇ ಒಂದು ವಸ್ತುವಿನ ಹೆಸರಾದ್ದರಿಂದ ‘ಬಂತು’ ಅನ್ನುವುದು ಬಾಯಿಗೆ ಸುಲಭವಾಗಿ ಬಂದುಬಿಡುತ್ತದೆ. ನೋಡಬೇಕಾದ್ದು ಬದಲಾವಣೆಯನ್ನು. ಮೂರು ವರ್ಷ ‘ಬಂದ್ರು’ ಅಂತಿದ್ದವರು ಈ ವರ್ಷ ‘ಬಂತು’ ಅನ್ನುತ್ತಿದ್ದರೆ ನಡುವೆ ಏನೋ ಆಗಿದೆ.

ಮೂರನೆಯದು, ನಿಮ್ಮ ಬೆನ್ನ ಹಿಂದೆ ಹೇಳುತ್ತಾರಾ, ನಿಮಗೆ ಕೇಳಲಿ ಅಂತಲೇ ಹೇಳುತ್ತಾರಾ ಅನ್ನುವುದು. ಎಚ್ಚರಿಕೆಯ ಕೂಗು ನಿಮ್ಮ ಕಿವಿ ತಪ್ಪಿಸಿ ಓಡಾಡುವಂಥದ್ದು. ನಿಮಗೆ ಕೇಳಿಸಿದರೆ ಅವರಿಗೇ ಮುಜುಗರ. ಕತ್ತಲಲ್ಲಿ ಮಹಡಿಯಿಂದ ಕೂಗುವುದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕೇಳಿಸಿಕೊಳ್ಳಬೇಕಾದವರೇ ನೀವು.

ಇಲ್ಲೇ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಕೂಗುವವರು ಫಸ್ಟ್ ಇಯರ್ ಹುಡುಗರು ಅಂದಿರಿ. ಸ್ವಲ್ಪ ಯೋಚಿಸಿ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಟ್ರಂಕು ಹೊತ್ತು ಬಂದ ಹುಡುಗ. ಹಾಸ್ಟೆಲಿನಲ್ಲಿ ಮಂಚ ಯಾವುದು, ಬಕೆಟ್ ಯಾವುದು ಅಂತ ಇನ್ನೂ ಕಲಿಯುತ್ತಿದ್ದಾನೆ. ಸೀಟು ಕೊಡುವುದು, ಹಾಜರಿ ಹಾಕುವುದು ನೀವು. ಅವನಿಗೆ ತಾನಾಗಿ ನಿಮ್ಮ ಕಾಲಿನ ಬಗ್ಗೆ ಕೂಗುವ ಧೈರ್ಯ ಎಲ್ಲಿಂದ ಬರಬೇಕು? ಬಹಳ ಹಾಸ್ಟೆಲುಗಳಲ್ಲಿ ಇದು ನಡೆಯುವ ರೀತಿ ನನಗೆ ಗೊತ್ತು. ಕರೆಂಟು ಹೋಗುತ್ತದೆ. ಸೀನಿಯರ್ ಒಬ್ಬ ‘ಲೇ, ಹೋಗಿ ಮೆಟ್ಟಿಲ ಹತ್ರ ನಿಂತು ಕೂಗಲೇ, ಮೀಟರ್ ಇದ್ರೆ’ ಅನ್ನುತ್ತಾನೆ. ಕೂಗದಿದ್ದರೆ ಅವತ್ತು ರಾತ್ರಿ ಅವನ ಹಾಸಿಗೆ ಮೇಲೆ ನೀರು. ಕೂಗಿದರೆ ‘ಪರವಾಗಿಲ್ಲ, ನಮ್ಮವನು’.

ಹಾಗಿದ್ದರೆ ನೀವು ಹಿಡಿಯಬೇಕೆಂದಿರುವ ಹುಡುಗ ಅಪರಾಧಿ ಅಲ್ಲ. ಅವನೂ ಸಿಕ್ಕಿಹಾಕಿಕೊಂಡವನು. ಸೀನಿಯರುಗಳು ಜೂನಿಯರ್ ಕೈಲಿ ಮುಜುಗರದ ಕೆಲಸ ಮಾಡಿಸುವುದು ಯುಜಿಸಿಯ 2009ರ ನಿಯಮಗಳ ಪ್ರಕಾರ ರ‍್ಯಾಗಿಂಗ್. ಈ ಕಡೆಯಿಂದ ನೋಡಿದಾಗ ನಿಮ್ಮ ಕೈಲಿರುವುದು ‘ನನಗೆ ಅವಮಾನ ಆಯಿತು’ ಅನ್ನುವ ಪ್ರಶ್ನೆ ಮಾತ್ರ ಅಲ್ಲ, ನಿಮ್ಮ ನಿಲಯದ ಚಿಕ್ಕ ಹುಡುಗರ ರಕ್ಷಣೆಯ ಪ್ರಶ್ನೆಯೂ ಹೌದು. ನಾನು ದೂರದಲ್ಲಿ ಕೂತು ಊಹಿಸುತ್ತಿದ್ದೇನೆ, ಖಚಿತ ಮಾಡಿಕೊಳ್ಳಬೇಕಾದವರು ನೀವು. ಗುರುತು ಹಿಡಿಯುವುದು ಕಷ್ಟ ಅಲ್ಲ. ಪ್ರತಿ ಸಲ ಧ್ವನಿ ಬೇರೆ ಬೇರೆ ಇದ್ದು, ಕೂಗಿನ ಹಿಂದೆಯೇ ಬೇರೊಂದು ರೂಮಿನಿಂದ ಗುಂಪು ನಗು ಬಂದರೆ, ಕೂಗಿಸುವವರು ಆ ರೂಮಿನಲ್ಲಿದ್ದಾರೆ.

ಹಾಗಾಗಿ ಮುಂದಿನ ಸಲ ಕರೆಂಟು ಹೋದಾಗ ಕೂಗು ಬಂದ ಕಡೆಗೆ ಟಾರ್ಚ್ ತಿರುಗಿಸಬೇಡಿ. ಅವರು ಕಾಯುತ್ತಿರುವುದು ಆ ಬೆಳಕಿಗೇ. ಬೆಳಕು ತಿರುಗಿದರೆ ಆಟ ಗೆದ್ದಂತೆ. ಆ ಕಾಲಿನಲ್ಲಿ ಮೆಟ್ಟಿಲು ಹತ್ತಿ ಓಡಿ ಹೋಗುವುದಂತೂ ಬೇಡ, ಜಾರಿದರೆ ಇನ್ನೊಂದು ರಾಡ್. ನಿಂತಲ್ಲೇ ನಿಂತು ನಗು ಎಲ್ಲಿಂದ ಬಂತು ಅಂತ ಕೇಳಿಸಿಕೊಳ್ಳಿ. ಮೇಲಿನ ಕಾರಿಡಾರಿಗೆ ಚಾರ್ಜ್ ಆಗುವ ಒಂದು ಎಮರ್ಜೆನ್ಸಿ ಲೈಟ್ ಹಾಕಿಸಿ. ಅರ್ಧ ಕೂಗು ಅದರಿಂದಲೇ ನಿಲ್ಲುತ್ತದೆ. ಕತ್ತಲಿಲ್ಲದೆ ಈ ಆಟ ನಡೆಯುವುದಿಲ್ಲ.

ನಿಮ್ಮ ಹಳೇ ಬ್ಯಾಚು ಟಾರ್ಚ್ ಕೊಟ್ಟು ಕಳಿಸಿತು, ಈ ಬ್ಯಾಚು ಹೀಗೆ ಮಾಡುತ್ತಿದೆ ಅಂದರೆ ಹುಡುಗರು ಕೆಟ್ಟರು ಅಂತ ಅಂದುಕೊಳ್ಳಬೇಡಿ. ಹಾಸ್ಟೆಲಿನ ಅಡ್ಡಹೆಸರು ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ದಾಟುತ್ತದೆ, ಆದರೆ ಅದರ ಹಿಂದಿನ ಕತೆ ದಾಟುವುದಿಲ್ಲ. ಹೆಸರಿಟ್ಟವರಿಗೆ ಆ ಟಾರ್ಚ್ ಹಿಡಿದು ನೀವು ಮಧ್ಯರಾತ್ರಿ ಜ್ವರದ ಹುಡುಗನ ಪಕ್ಕ ಕೂತದ್ದು, ಆಸ್ಪತ್ರೆಗೆ ಆಟೊ ಹಿಡಿದದ್ದು ಎಲ್ಲ ಗೊತ್ತಿತ್ತು. ಹೊಸಬರಿಗೆ ಮೊದಲ ವಾರವೇ ಸಿಕ್ಕಿದ್ದು ಬರೀ ಹೆಸರು. ಬರೀ ಹೆಸರಿನ ಮುಂದೆ ಏನನ್ನು ಬೇಕಾದರೂ ಅಂಟಿಸಬಹುದು.

ನಮ್ಮಲ್ಲಿ ಯಾರು ಯಾರನ್ನು ಗೇಲಿ ಮಾಡಬಹುದು ಅನ್ನುವುದಕ್ಕೆ ಒಂದು ಲೆಕ್ಕ ಇದ್ದೇ ಇದೆ. ಬೀಗರು ಬೀಗರನ್ನು ಊಟದ ಪಂಕ್ತಿಯಲ್ಲೇ ಆಡಿಕೊಳ್ಳಬಹುದು. ಅತ್ತಿಗೆ ಮೈದುನನ ಕಾಲೆಳೆಯಬಹುದು, ಅಜ್ಜಿ ಮೊಮ್ಮಗನಿಗೆ ಏನು ಬೇಕಾದರೂ ಅನ್ನಬಹುದು. ಅದೇ ಮಾತನ್ನು ಸೊಸೆ ಮಾವನಿಗೆ ಅಂದರೆ ನ್ಯಾಯ ಪಂಚಾಯ್ತಿ ಆಗುತ್ತದೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಇಂಥ ಸಂಬಂಧಗಳ ಬಗ್ಗೆ ಬರೆದಿದ್ದರು. ಗೇಲಿ ಮಾಡಲು ಒಬ್ಬರಿಗೆ ಒಪ್ಪಿಗೆ ಇರುತ್ತದೆ, ಬೇಜಾರು ಮಾಡಿಕೊಳ್ಳಬಾರದು ಅಂತ ಇನ್ನೊಬ್ಬರಿಗೆ ಕಟ್ಟುಪಾಡು ಇರುತ್ತದೆ ಅನ್ನುವುದು ಅವರ ಮಾತಿನ ಸಾರ. ವಾರ್ಡನ್ ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ? ಜ್ವರ ಬಂದಾಗ ಸೋದರಮಾವ, ಹಾಜರಿ ಹಾಕುವಾಗ ಪೊಲೀಸು. ಹುಡುಗರಿಗೆ ಗೆರೆ ಕಾಣದಿರುವುದು ಸಹಜ. ಈ ಸಂಬಂಧಕ್ಕೆ ಊರಿನ ಪದ್ಧತಿ ಇಲ್ಲ, ಹಾಗಾಗಿ ಗೆರೆ ಎಲ್ಲಿದೆ ಅಂತ ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ನೀವು ಇಷ್ಟು ದಿನ ನಕ್ಕಿರಿ. ನೀವು ನಕ್ಕಿದ್ದು ಟಾರ್ಚಿಗೆ, ಅವರು ಅದನ್ನು ಎಲ್ಲದಕ್ಕೂ ಒಪ್ಪಿಗೆ ಅಂತ ತಿಳಿದರು.

ಹೇಳುವುದು ಹೇಗೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಚಿತ್ರದುರ್ಗದ ಕಡೆಯ ಒಂದು ಕಾಲೇಜು. ಅಲ್ಲೊಬ್ಬ ಮೇಷ್ಟ್ರಿಗೆ ಮಾತು ಸ್ವಲ್ಪ ತೊದಲುತ್ತಿತ್ತು, ‘ಪ’ ‘ಬ’ ಬಂದರೆ ಸಿಕ್ಕಿಕೊಳ್ಳುತ್ತಿತ್ತು. ಹುಡುಗರು ‘ರಿಪೀಟ್’ ಅಂತ ಹೆಸರಿಟ್ಟರು. ಕಿವಿಗೆ ಬಿದ್ದಾಗ ಮೇಷ್ಟ್ರು ನಕ್ಕುಬಿಟ್ಟರು. ನಗದಿದ್ದರೆ ಚಿಕ್ಕವನಾಗುತ್ತೇನೆ ಅಂತ. ಆ ಸೆಮಿಸ್ಟರು ಮುಗಿಯುವಷ್ಟರಲ್ಲಿ ಹೊರಗಿನ ಪರೀಕ್ಷಕರು ಬಂದ ದಿನ ಒಬ್ಬ ಅವರೆದುರೇ ತೊದಲಿ ತೋರಿಸಿದ. ವಿಭಾಗದ ಮುಖ್ಯಸ್ಥರು ಇಡೀ ಕ್ಲಾಸನ್ನು ನಿಲ್ಲಿಸಿ ಬೈದರು. ಮರುದಿನದಿಂದ ಹೆಸರು ಹೋಯಿತು, ಕೆಮ್ಮು ಬಂತು. ಮೇಷ್ಟ್ರು ‘ಪ’ ಅನ್ನುತ್ತಿದ್ದ ಹಾಗೆ ಹಿಂದಿನ ಬೆಂಚಿನಲ್ಲಿ ಕೆಮ್ಮು. ಕೆಮ್ಮಿಗೆ ಯಾರನ್ನು ಹಿಡಿಯುತ್ತೀರಿ?

ನನ್ನ ಹತ್ತಿರ ಬಂದಾಗ ನಾವು ಮಾಡಿದ್ದು ಇಷ್ಟೇ. ಅನುಮಾನ ಕೇಳಲು ಸ್ಟಾಫ್ ರೂಮಿಗೆ ಬರುತ್ತಿದ್ದ ಇಬ್ಬರು ಫೈನಲ್ ಇಯರ್ ಹುಡುಗರಿದ್ದರು. ಮೇಷ್ಟ್ರು ಅವರಿಗೆ ಲೆಕ್ಕ ಹೇಳಿಕೊಟ್ಟು ಮುಗಿಸಿ, ಸಿಟ್ಟಿಲ್ಲದೆ, ಅಳದೆ ಹೇಳಿದರು: ‘ನನ್ನ ಮಾತು ಹುಟ್ಟಿದಾಗಿಂದ ಹೀಗೇ. ಬೇರೆ ಏನು ಬೇಕಾದರೂ ಹೆಸರಿಡಿ, ಇದಕ್ಕೆ ಬೇಡ.’ ಹೆಸರು ಯಾರು ಇಟ್ಟದ್ದು ಅಂತ ಕೇಳಲಿಲ್ಲ. ಕ್ಲಾಸಿಗೆ ಹೋಗಿ ಹೇಳಿ ಅಂತಲೂ ಹೇಳಲಿಲ್ಲ. ಒಂದೆರಡು ವಾರದಲ್ಲಿ ಕೆಮ್ಮು ಹೆಚ್ಚುಕಮ್ಮಿ ನಿಂತಿತು. ಪೂರ್ತಿ ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಬ್ಬಿಬ್ಬರು ಹೊರಗೆ ಕ್ಯಾಂಟೀನಿನಲ್ಲಿ ಅನ್ನುತ್ತಲೇ ಇದ್ದರು. ಆದರೆ ಕ್ಲಾಸಿನಲ್ಲಿ ಪಾಠ ನಡೆಯಿತು.

ನಿಮ್ಮಲ್ಲೂ ಇದೇ ದಾರಿ ಹಿಡಿಯಿರಿ. ಸೀನಿಯರುಗಳಲ್ಲಿ ಒಬ್ಬನನ್ನು ಆರಿಸಿಕೊಳ್ಳಿ. ಲೀಡರ್ ಬೇಡ, ಲೀಡರ್‌ಗೆ ಹೇಳಿದರೆ ಅದು ಆಫೀಸಿನ ನೋಟೀಸ್ ಆಗುತ್ತದೆ. ನೀವು ಕಾಲು ಮುರಿದು ಮಲಗಿದ್ದಾಗ ಆಸ್ಪತ್ರೆಗೆ ನೋಡಲು ಬಂದಿದ್ದ ಹುಡುಗ ಒಬ್ಬ ಇರಲೇಬೇಕು, ಅಲ್ವಾ? ಅವನೇ ಸರಿ. ಕೂಗು ಬಂದ ರಾತ್ರಿಯೇ ಮಾತಾಡಬೇಡಿ, ಎರಡು ದಿನ ಬಿಡಿ. ಆಫೀಸ್ ರೂಮಿಗೂ ಕರೆಸಬೇಡಿ. ತರಕಾರಿ ಇಳಿಸಿಕೊಳ್ಳುವಾಗಲೋ ಗೇಟಿನ ಹತ್ತಿರವೋ ಸಿಕ್ಕಾಗ ಹೇಳಿ. ‘ಟಾರ್ಚ್ ಅಂದ್ರೆ ನನಗೇನೂ ಇಲ್ಲಪ್ಪ, ನಿಮ್ಮ ಸೀನಿಯರ್ಸ್ ಇಟ್ಟ ಹೆಸರು ಅದು. ಕಾಲಿನ ಮಾತು ಬೇಡ. ಚಿಕ್ಕ ಹುಡುಗರ ಕೈಲಿ ಕೂಗಿಸೋದು ಬೇಡ. ನನ್ನ ಮನೆಯವರ ಹತ್ತಿರ ಯಾವ ಹೆಸರೂ ಬೇಡ.’ ಇಷ್ಟು ಸಾಕು. ನಿಮ್ಮ ಸೇವೆ, ತ್ಯಾಗ, ನಿದ್ದೆಗೆಟ್ಟ ರಾತ್ರಿಗಳ ಪಟ್ಟಿ ಬೇಡ. ಅದನ್ನು ಕೇಳಿದ ಹುಡುಗ ತಲೆ ತಗ್ಗಿಸುತ್ತಾನೆ, ಆದರೆ ರೂಮಿಗೆ ಹೋಗಿ ಹೇಳುವುದಿಲ್ಲ. ಮೇಲಿನ ಮಾತನ್ನಾದರೆ ಹೇಳಬಲ್ಲ.

ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ನೀವು ನೊಂದಿದ್ದೀರಿ ಅಂತ ಗೊತ್ತಾದರೆ ಇನ್ನೂ ಜಾಸ್ತಿ ಮಾಡುವ ಒಬ್ಬಿಬ್ಬರು ಎಲ್ಲ ಹಾಸ್ಟೆಲಿನಲ್ಲೂ ಇರುತ್ತಾರೆ. ಆದರೆ ಗುಂಪಿನಲ್ಲಿ ನಗುವವರು ಬಹಳ, ಹುಟ್ಟುಹಾಕುವವರು ಕಡಿಮೆ. ನಗುವವರು ಹಿಂದೆ ಸರಿದರೆ ಹುಟ್ಟುಹಾಕುವವನು ಒಬ್ಬಂಟಿ ಆಗುತ್ತಾನೆ, ಮತ್ತು ಆಗ ಅವನು ಯಾರು ಅನ್ನುವುದೂ ನಿಮಗೆ ತಾನಾಗೇ ಕಾಣುತ್ತದೆ.

ಕೆಲವು ವಾರ್ಡನ್‌ಗಳು ಜಾಣತನ ಮಾಡಿ ತಾವೇ ಹೆಸರನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ. ‘ನಾನೇ ನಿಮ್ಮ ಟಾರ್ಚ್, ನಿಮ್ಮ ಬಾಳಿಗೆ ಬೆಳಕು ತೋರಿಸುವವನು’ ಅಂತ ಭಾಷಣದಲ್ಲಿ ಹೇಳುವುದು. ದಯವಿಟ್ಟು ಬೇಡ. ಹುಡುಗರ ಗುಟ್ಟಿನ ಹೆಸರನ್ನು ದೊಡ್ಡವರು ಮೈಕಿನಲ್ಲಿ ಹೇಳಿದರೆ ಆ ಹೆಸರು ಅಲ್ಲೇ ಸಾಯುತ್ತದೆ. ಎಚ್ಚರಿಕೆಯ ಕೂಗು ಮಾತ್ರ ಬೇಕೇ ಬೇಕಲ್ಲ, ಅದಕ್ಕೆ ಬೇರೆ ಹೆಸರು ಹುಡುಕುತ್ತಾರೆ. ಮುಂದಿನದು ಟಾರ್ಚಿನಷ್ಟು ಒಳ್ಳೆಯದಿರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಎಲ್ಲರಿಗೂ ಶಿಕ್ಷೆ ಕೊಡುವುದು, ಅಂದರೆ ಟಿವಿ ಬಂದ್, ವೈಫೈ ಬಂದ್, ಭಾನುವಾರದ ವಿಶೇಷ ಊಟ ಬಂದ್, ಇದೂ ಬೇಡ. ಅದರಲ್ಲೂ ಊಟದ ಮೇಲೆ ಕೈ ಹಾಕಲೇಬೇಡಿ. ಅದು ಅವರ ಹಕ್ಕು, ನಿಮ್ಮ ಉಡುಗೊರೆ ಅಲ್ಲ. ಅವತ್ತಿಗೆ ನಿಮ್ಮ ಪರವಾಗಿದ್ದ ಹುಡುಗರೂ ಆ ಕಡೆ ಹೋಗುತ್ತಾರೆ.

ಸ್ಟಿಕ್ಕರ್ ವಿಷಯ. ಅದನ್ನು ಪೂರ್ತಿ ಅಳಿಸಲು ಆಗುವುದಿಲ್ಲ ಅನ್ನುವುದನ್ನು ಮೊದಲು ಒಪ್ಪಿಕೊಳ್ಳಿ. ಗ್ರೂಪಿನ ಅಡ್ಮಿನ್ ಆ ಮೆಸೇಜನ್ನು ಎಲ್ಲರ ಚಾಟಿನಿಂದಲೂ ಹೋಗುವ ಹಾಗೆ ಡಿಲೀಟ್ ಮಾಡಬಹುದು, ಆದರೆ ಸ್ಟಿಕ್ಕರನ್ನು ಸೇವ್ ಮಾಡಿಕೊಂಡವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ನಿಮಗೆ ಯಾರಾದರೂ ತೋರಿಸಿದರೆ ಗ್ರೂಪಿನ ಹೆಸರು, ತಾರೀಖು ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತೋರಿಸಿದ ಹುಡುಗನ ಹೆಸರು ಎಲ್ಲೂ ಹೇಳಬೇಡಿ. ಹುಡುಗರ ಫೋನ್ ಕಿತ್ತುಕೊಂಡು ಹುಡುಕುವುದಕ್ಕೆ ಇಳಿಯಬೇಡಿ, ಅಲ್ಲಿಂದ ತಪ್ಪು ನಿಮ್ಮ ಕಡೆಗೆ ತಿರುಗುತ್ತದೆ. ಆಸ್ಪತ್ರೆಗೆ ಬಂದಿದ್ದ ಆ ಹುಡುಗನಿಗೆ ‘ಗ್ರೂಪಿನಿಂದ ತೆಗೆಸಪ್ಪ’ ಅಂತ ಇದನ್ನೂ ಸೇರಿಸಿ ಹೇಳಿ. ಸ್ಟಿಕ್ಕರ್ ಹಳತಾಗುವುದು ಬಹಳ ಬೇಗ. ಹೊಸದಾಗಿ ಉಸಿರು ಕೊಡದಿದ್ದರೆ ಸಾಕು.

ಈಗ ಮಗಳ ವಿಷಯ. ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ನೀವು ಮೊದಲು ಮಾಡಬೇಕಾದ್ದು ಇದೇ. ಅವಳು ನಿಮ್ಮ ಹಾಸ್ಟೆಲಿನ ಸಂಬಂಧಕ್ಕೆ ಸೇರಿದವಳಲ್ಲ. ಅವಳಿಗೆ ಯಾರೂ ಹೆಸರಿಡುವ ಸಲುಗೆ ಇಲ್ಲ. ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗಿಯನ್ನು ಗುಂಪಾಗಿ ನಿಂತು ಕೂಗುವುದನ್ನು ಅಡ್ಡಹೆಸರು ಅನ್ನುವ ಲೆಕ್ಕದಲ್ಲಿ ನೋಡಲೇಬೇಡಿ. ಮೊದಲು ಅವಳನ್ನೇ ಕೂರಿಸಿಕೊಂಡು ಕೇಳಿ, ಒಂದೇ ಸಲವಾ, ಯಾವ ಸ್ಟಾಪು, ಎಷ್ಟು ಹೊತ್ತಿಗೆ, ಹಿಂದೆ ಬಂದರಾ, ಬೇರೆ ಏನಾದರೂ ಅಂದರಾ. ನೀವೇ ಮರುದಿನ ಸ್ಟಾಪಿಗೆ ಹೋಗಿ ಕಾಯುವುದಕ್ಕೆ ಮುಂಚೆ ಅವಳ ಒಪ್ಪಿಗೆ ಕೇಳಿ, ಕೆಲವು ಹುಡುಗಿಯರಿಗೆ ಅದು ಇನ್ನೂ ಮುಜುಗರ. ಒಂದೇ ಸಲ ಆಗಿದ್ದರೆ ಮೇಲೆ ಹೇಳಿದ ಮಾತಿನಲ್ಲಿ ಕೊನೆಯ ವಾಕ್ಯವೇ ಕೆಲಸ ಮಾಡಬಹುದು. ಮತ್ತೆ ಆದರೆ, ಹಿಂಬಾಲಿಸಿದರೆ, ಕೆಟ್ಟ ಮಾತು ಬಂದರೆ ಒಳಗೊಳಗೇ ಸರಿಮಾಡಲು ಹೋಗಬೇಡಿ. ಹದಿನೆಂಟು ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ತುರ್ತಿಗೆ 112 ಇದೆ. ಅವಳ ಕಾಲೇಜಿನ ಪ್ರಾಂಶುಪಾಲರಿಗೂ ತಿಳಿಸಿ. ಕೂಗಿದವರು ನಿಮ್ಮ ಹಾಸ್ಟೆಲಿನವರು ಅಂತ ಗೊತ್ತಾದರೂ ನೀವೇ ವಿಚಾರಣೆ ಮಾಡಬೇಡಿ. ನೀವು ಅಪ್ಪನೂ ಹೌದು, ವಾರ್ಡನ್ನೂ ಹೌದು. ತಾಲ್ಲೂಕು ಅಧಿಕಾರಿಗಳಿಗೆ ಬರೆದುಕೊಟ್ಟು ಬೇರೆಯವರ ಕೈಲಿ ಮಾಡಿಸಿ.

ಹುಡುಗರ ಜೊತೆ ಮಾತಾಡಿದ ಮೇಲೆ ಮೂರು ನಾಲ್ಕು ವಾರ ಸುಮ್ಮನೆ ಗಮನಿಸಿ. ಹೆಸರು ಪೂರ್ತಿ ಮಾಯ ಆಗಬೇಕು ಅಂತ ಕಾಯಬೇಡಿ. ಮತ್ತೆ ಪಿಸುಮಾತಿನ ‘ಟಾರ್ಚ್ ಬಂದ್ರು’ ಕೇಳಿಸಿದರೆ ಸರಿಹೋಗಿದೆ ಅಂತ ಅರ್ಥ. ನಿಮ್ಮ ಮುಖಕ್ಕೇ ಅನ್ನುವುದು, ಹಾಜರಿ ಕರೆದಾಗ ಗುಂಪಾಗಿ ಉತ್ತರ ಕೊಡದಿರುವುದು, ನಡಿಗೆಯನ್ನು ಎದುರೇ ಅಣಕಿಸುವುದು ಶುರುವಾದರೆ ಆಗ ಬರವಣಿಗೆ ಹಿಡಿಯಿರಿ. ದಿನ, ಹೊತ್ತು, ಕಂಡವರು ಯಾರು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಮೇಲಧಿಕಾರಿಗೆ ಕೊಡಿ, ಆ ಹುಡುಗನ ಮನೆಯವರನ್ನು ಕರೆಸಿ. ಜೂನಿಯರುಗಳ ಕೈಲಿ ಕೂಗಿಸುವುದು ಖಚಿತವಾದರೆ ಕೂಗಿಸಿದವನು ಓದುವ ಕಾಲೇಜಿನ ಆ್ಯಂಟಿ ರ‍್ಯಾಗಿಂಗ್ ಸಮಿತಿಗೆ ತಿಳಿಸಬಹುದು. ಜೂನಿಯರುಗಳೇ ನೇರವಾಗಿ ಹೇಳಲು 1800-180-5522 ಇದೆ, ಆ ನಂಬರನ್ನು ನೋಟೀಸ್ ಬೋರ್ಡಿಗೆ ಹಾಕಿ.

ಕಾನೂನು ಕೇಳುವವರು ಇರುತ್ತಾರೆ, ಅದಕ್ಕೂ ಎರಡು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ಪ್ರಕಾರ, ಅಂಗವೈಕಲ್ಯ ಇರುವವರನ್ನು ಅವಮಾನಿಸಬೇಕೆಂಬ ಉದ್ದೇಶದಿಂದ ನಾಲ್ಕು ಜನರ ಕಣ್ಣೆದುರು ಹೀಯಾಳಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಆಗಬಹುದು. ಆದರೆ ಈ ಕಾಯ್ದೆ ನೋಡುವುದು ದೀರ್ಘಕಾಲದ ತೊಂದರೆಯನ್ನು. ರಾಡ್ ತೆಗೆದ ಮೇಲೆ ನಿಮ್ಮ ನಡಿಗೆ ಸರಿಹೋಗುವಂತಿದ್ದರೆ ಅದು ನಿಮಗೆ ಅನ್ವಯಿಸುವುದು ಕಷ್ಟ. ಹೆಸರು ಜಾತಿಯನ್ನು ಹಿಡಿದುಕೊಂಡಿದ್ದು, ಮೇಷ್ಟ್ರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಮಹಿಳಾ ವಾರ್ಡನ್‌ಗಳಿಗೆ ಮೈಕಟ್ಟಿನ ಬಗ್ಗೆ, ಗುಣದ ಬಗ್ಗೆ ಇಡುವ ಹೆಸರುಗಳಂತೂ ಮೊದಲ ದಿನವೇ ಬರೆದು ದೂರು ಕೊಡಬೇಕಾದಂಥವು, ಅಲ್ಲಿ ಸೀನಿಯರ್ ಹುಡುಗನ ಜೊತೆ ಗೇಟಿನ ಮಾತು ಸಾಲದು. ನಿಮ್ಮ ವಿಷಯದಲ್ಲಿ ನಾನಾದರೆ ಕಾಯ್ದೆಯನ್ನು ಬೀರುವಿನಲ್ಲೇ ಇಟ್ಟಿರುತ್ತೇನೆ. ಹತ್ತೊಂಬತ್ತು ವರ್ಷದ ಹುಡುಗನ ಮೇಲೆ ಕೇಸಾದರೆ ಅದು ಅವನ ಕೆಲಸದ ವೆರಿಫಿಕೇಶನ್ನಿನವರೆಗೂ ಹೋಗುತ್ತದೆ.

ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು, ನಿಮ್ಮ ಅಡುಗೆಯವರು, ವಾಚ್‌ಮನ್ ಹುಡುಗರನ್ನು ಏನಂತ ಕರೆಯುತ್ತೀರಿ? ‘ಏಯ್ ಡುಮ್ಮ, ತಟ್ಟೆ ತಗೋ’, ‘ಕರಿಯ ಎಲ್ಲಿ ಹೋದ್ನೋ’ ಅನ್ನುವುದು ಅಡುಗೆಮನೆ ಕಿಟಕಿಯಲ್ಲಿ ದಿನಾ ನಡೆಯುತ್ತಿದ್ದರೆ, ಮೈಯನ್ನು ಹಿಡಿದು ಹೆಸರಿಡಬಹುದು ಅನ್ನುವುದನ್ನು ಅವರು ಅಲ್ಲೇ ಕಲಿತಿರಬಹುದು. ಇದ್ದರೆ ಸದ್ದಿಲ್ಲದೆ ನಿಲ್ಲಿಸಿ. ಸೀನಿಯರ್ ಹುಡುಗನ ಹತ್ತಿರ ಮಾತಾಡುವ ಮುಂಚೆಯೇ ನಿಲ್ಲಿಸಿ. ಇಲ್ಲದಿದ್ದರೆ ಅವನು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಅದನ್ನೇ ಹೇಳುತ್ತಾನೆ.

ಇನ್ನು ‘ನಾಲ್ಕು ಬಿಟ್ಟಿದ್ದರೆ’ ಅಂದ ಸಹೋದ್ಯೋಗಿ. ಮೆಟ್ರಿಕ್ ನಂತರದ ಹಾಸ್ಟೆಲಿನಲ್ಲಿ ಪಿಯುಸಿ ಹುಡುಗರೂ ಇರುತ್ತಾರೆ, ಅವರಲ್ಲಿ ಹದಿನೆಂಟು ತುಂಬದವರೇ ಜಾಸ್ತಿ. ಮಗುವಿನ ಹೊಣೆ ಹೊತ್ತವರೇ ಹೊಡೆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಬರುತ್ತದೆ, ಇಲಾಖೆಯ ವಿಚಾರಣೆ ಬೇರೆ. ಅವರಿಗೆ ಇದನ್ನು ತಿಳಿಸಿ. ಅವರ ಹಾಸ್ಟೆಲಿನಲ್ಲಿ ಅವರಿಗೆ ಏನು ಹೆಸರಿದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.